ಮೂರು ಸಾಲುಗಳ ಇನ್‌ವಾಯ್ಸ್: ಗ್ರಾನೈಟ್ ರಫ್ತಿನಲ್ಲಿ ಹಡಗು ಬಾಡಿಗೆ, ವಿಮೆ ಮತ್ತು ಘೋಷಿತ ಮೌಲ್ಯ

ಇಳಕಲ್ ಮತ್ತು ಹುನಗುಂದ ಭಾಗದ ಕೆಂಪು ಗ್ರಾನೈಟ್ ಹೊರದೇಶಗಳಿಗೆ ಹೋಗುವುದು ನಮ್ಮ ಸದಸ್ಯರಿಗೆ ಹೊಸ ವಿಷಯವಲ್ಲ. ಆದರೆ ಕಲ್ಲು ಭಾರವಾದ ಸರಕು. ಅದರ ತೂಕಕ್ಕೆ ಹೋಲಿಸಿದರೆ ಬೆಲೆ ಕಡಿಮೆ. ಆದುದರಿಂದ ಖರೀದಿದಾರನು ಕೊಡುವ ಒಟ್ಟು ಬೆಲೆಯಲ್ಲಿ ಹಡಗು ಬಾಡಿಗೆಯ ಪಾಲು ಇತರ ಸರಕುಗಳಿಗಿಂತ ಹೆಚ್ಚಾಗಿರುತ್ತದೆ. ಇಷ್ಟಿದ್ದರೂ ನಮ್ಮ ಅನೇಕ ಘಟಕಗಳ ಇನ್‌ವಾಯ್ಸ್‌ಗಳಲ್ಲಿ ಬೆಲೆಯನ್ನು ಒಂದೇ ಮೊತ್ತವಾಗಿ ಬರೆಯಲಾಗುತ್ತದೆ. ಅದರಲ್ಲಿ ಕಲ್ಲಿನ ಬೆಲೆ ಎಷ್ಟು, ಹಡಗು ಬಾಡಿಗೆ ಎಷ್ಟು, ವಿಮಾ ಕಂತು ಎಷ್ಟು ಎಂಬ ವಿಂಗಡಣೆಯನ್ನು ಬಂದರಿನಲ್ಲಿರುವ ಕಸ್ಟಮ್ಸ್ ಬ್ರೋಕರರು ಶಿಪ್ಪಿಂಗ್ ಬಿಲ್ ಸಲ್ಲಿಸುವ ದಿನ ತಮಗೆ ತೋಚಿದಂತೆ ತುಂಬುತ್ತಾರೆ. ಈ ಪದ್ಧತಿ ನಿಲ್ಲಬೇಕು. ಕಂಟೇನರು ಕಾರ್ಖಾನೆಯಿಂದ ಹೊರಡುವ ಮುನ್ನವೇ ಈ ಮೂರು ಅಂಕಿಗಳು ಮಾರಾಟಗಾರನ ಲೆಕ್ಕದ ಕೋಣೆಯಲ್ಲಿ, ಆಧಾರಪತ್ರಗಳ ಸಹಿತ ಸಿದ್ಧವಾಗಬೇಕು ಎಂಬುದು ಈ ಲೇಖನದ ವಾದ.

ಕಾನೂನು ಕೇಳುವ ಮೌಲ್ಯ ಯಾವುದು?

1962ರ ಕಸ್ಟಮ್ಸ್ ಕಾಯಿದೆಯ 14ನೆಯ ಕಲಮು ರಫ್ತು ಸರಕಿನ ಮೌಲ್ಯವನ್ನು ವ್ಯವಹಾರ ಮೌಲ್ಯದ ಆಧಾರದಲ್ಲಿ ನಿರ್ಧರಿಸುತ್ತದೆ. ಅಂದರೆ ಸರಕನ್ನು ರಫ್ತಾಗುವ ಕಾಲದಲ್ಲಿ, ರಫ್ತಾಗುವ ಸ್ಥಳದಲ್ಲಿ ಒಪ್ಪಿಸುವುದಕ್ಕಾಗಿ ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆ. ಇಲ್ಲಿ ‘ಸ್ಥಳ’ ಎಂಬ ಮಾತು ಮುಖ್ಯ. ಸರಕು ಚೆನ್ನೈ ಬಂದರಿನಲ್ಲಿ ಹಡಗನ್ನೇರುವುದಾದರೆ, ಅಲ್ಲಿಯ ತನಕದ ಖರ್ಚೆಲ್ಲ ಮೌಲ್ಯದ ಒಳಗೆ. ಹಡಗು ದಡ ಬಿಟ್ಟ ನಂತರದ ಖರ್ಚೆಲ್ಲ ಹೊರಗೆ. ವ್ಯಾಪಾರದ ಭಾಷೆಯಲ್ಲಿ ಇದೇ ಎಫ್‌ಒಬಿ ಮೌಲ್ಯ. ಈ ಕಲಮಿನಡಿ ರಚಿತವಾದ ರಫ್ತು ಸರಕುಗಳ ಮೌಲ್ಯ ನಿರ್ಧಾರ ನಿಯಮಗಳು 2007ರ ಅಕ್ಟೋಬರ್ 10ರಿಂದ ಜಾರಿಯಲ್ಲಿವೆ.

ಚಪ್ಪಡಿಗೆ ರಫ್ತು ಸುಂಕವೇ ಇಲ್ಲವಲ್ಲ, ಮೌಲ್ಯ ಹೆಚ್ಚಾದರೇನು ಕಡಿಮೆಯಾದರೇನು ಎಂದು ಕೆಲವರು ಕೇಳುತ್ತಾರೆ. ಸುಂಕ ಇಲ್ಲದಿದ್ದರೂ ಆ ಮೌಲ್ಯದ ಮೇಲೆ ಬೇರೆ ಹಲವು ಲೆಕ್ಕಗಳು ನಿಂತಿವೆ. ಡ್ಯೂಟಿ ಡ್ರಾಬ್ಯಾಕ್‌ನ ಸಾಮಾನ್ಯ ದರಗಳನ್ನೂ, 2021ರ ಜನವರಿ 1ರಿಂದ ಜಾರಿಗೆ ಬಂದ ರೋಡ್‌ಟೆಪ್ ಯೋಜನೆಯ ದರಗಳನ್ನೂ ಬಹುಮಟ್ಟಿಗೆ ಎಫ್‌ಒಬಿ ಮೌಲ್ಯದ ಶೇಕಡಾವಾರಿನಲ್ಲಿ ನಿಗದಿಪಡಿಸಲಾಗುತ್ತದೆ. ತೆರಿಗೆ ಕಟ್ಟದೆ ಲೆಟರ್ ಆಫ್ ಅಂಡರ್‌ಟೇಕಿಂಗ್ ಮೇಲೆ ರಫ್ತು ಮಾಡಿ ಜಿಎಸ್‌ಟಿ ಹೂಡುವಳಿ ತೆರಿಗೆಯ ಮರುಪಾವತಿ ಕೇಳುವವರಿಗೆ 2022ರ ಜುಲೈ 5ರ ತಿದ್ದುಪಡಿಯ ಪ್ರಕಾರ ಶಿಪ್ಪಿಂಗ್ ಬಿಲ್ಲಿನ ಎಫ್‌ಒಬಿ ಮೌಲ್ಯ ಮತ್ತು ಇನ್‌ವಾಯ್ಸ್ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದೇ ರಫ್ತಿನ ಮೌಲ್ಯ. ಕೊನೆಯದಾಗಿ, ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಎಂಬ ರಫ್ತು ನಿಗಾ ವ್ಯವಸ್ಥೆಗೆ ಶಿಪ್ಪಿಂಗ್ ಬಿಲ್ಲಿನ ಎಫ್‌ಒಬಿ, ಬಾಡಿಗೆ, ವಿಮೆ ಮೂರೂ ಬೇರೆ ಬೇರೆಯಾಗಿ ತಲಪುತ್ತವೆ. ಬ್ಯಾಂಕಿಗೆ ಬಂದ ಹಣ ಇವುಗಳೊಡನೆ ತಾಳೆಯಾಗಬೇಕು.

ಒಂದು ಕಂಟೇನರಿನ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಇಳಕಲ್‌ನ ಒಂದು ಪಾಲಿಶಿಂಗ್ ಘಟಕ 2 ಸೆಂಟಿಮೀಟರ್ ದಪ್ಪದ 400 ಚದರ ಮೀಟರ್ ಚಪ್ಪಡಿಯನ್ನು 20 ಅಡಿಯ ಒಂದು ಕಂಟೇನರಿನಲ್ಲಿ ಪೋಲೆಂಡಿನ ಗ್ದಾನ್ಸ್ಕ್ ಬಂದರಿಗೆ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಕಲ್ಲಿನ ತೂಕವೇ ಸುಮಾರು 21 ಟನ್. ಒಪ್ಪಂದದ ಬೆಲೆ ಸಿಐಎಫ್ ಗ್ದಾನ್ಸ್ಕ್, ಚದರ ಮೀಟರಿಗೆ 42 ಡಾಲರ್. ಒಟ್ಟು 16,800 ಡಾಲರ್. ಹಡಗು ಸಂಸ್ಥೆ ಲಿಖಿತವಾಗಿ ಕೊಟ್ಟ ಬಾಡಿಗೆ ದರ 1,650 ಡಾಲರ್.

ವಿಮೆಯ ಲೆಕ್ಕ ಹೀಗೆ: ಸಿಐಎಫ್ ಮಾರಾಟದಲ್ಲಿ ಒಪ್ಪಂದದ ಬೆಲೆಯ ಕನಿಷ್ಠ ಶೇ. 110ರಷ್ಟಕ್ಕೆ ವಿಮೆ ಮಾಡಿಸಬೇಕು. ಅಂದರೆ 18,480 ಡಾಲರಿಗೆ. ವಿಮಾ ಕಂಪನಿಯ ದರ ಶೇ. 0.15 ಎಂದಾದರೆ ಕಂತು 27.72 ಡಾಲರ್. ಈಗ 16,800ರಿಂದ 1,650 ಮತ್ತು 27.72 ಕಳೆದರೆ ಉಳಿಯುವ ಎಫ್‌ಒಬಿ ಮೌಲ್ಯ 15,122.28 ಡಾಲರ್. ಇನ್‌ವಾಯ್ಸ್‌ನ ಕೆಳಭಾಗದಲ್ಲಿ ಈ ಮೂರು ಸಾಲುಗಳು ಮತ್ತು ಅವುಗಳ ಮೊತ್ತ ಇದ್ದರೆ ಸಾಕು. ಶಿಪ್ಪಿಂಗ್ ಬಿಲ್ಲಿನಲ್ಲಿ ಒಪ್ಪಂದದ ಸ್ವರೂಪ ಸಿಐಎಫ್ ಎಂದೂ, ಉಳಿದ ಅಂಕಣಗಳು ಇದೇ ಅಂಕಿಗಳಿಂದಲೂ ತುಂಬುತ್ತವೆ.

ಇದೇ ಸರಕನ್ನು ‘ಎಫ್‌ಒಬಿ 16,800, ಬಾಡಿಗೆ ಸೊನ್ನೆ’ ಎಂದು ಘೋಷಿಸಿದರೆ ಏನಾಗುತ್ತದೆ? ಮೌಲ್ಯ 1,677.72 ಡಾಲರಿನಷ್ಟು ಉಬ್ಬುತ್ತದೆ. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ, ಪ್ರೋತ್ಸಾಹಕದ ದರ ಶೇ. 1 ಎಂದಿಟ್ಟುಕೊಂಡರೆ, ಒಂದು ಕಂಟೇನರಿಗೆ ಹೆಚ್ಚುವರಿಯಾಗಿ ಸಿಗುವುದು ಸುಮಾರು 1,510 ರೂಪಾಯಿ. ವರ್ಷಕ್ಕೆ 60 ಕಂಟೇನರು ಕಳಿಸುವ ಘಟಕಕ್ಕೆ ಇದು ಸುಮಾರು 90,600 ರೂಪಾಯಿ ಆಗುತ್ತದೆ. ಆದರೆ ಆ ವರ್ಷ ಉಬ್ಬಿಸಿ ಘೋಷಿಸಿದ ಮೌಲ್ಯ 90 ಲಕ್ಷ ರೂಪಾಯಿಗೂ ಮೇಲೆ. ಘೋಷಣೆಗೆ ಹೊಂದದ ಮೌಲ್ಯದ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು 113ನೆಯ ಕಲಮು, ದಂಡ ವಿಧಿಸಲು 114ನೆಯ ಕಲಮು ಅವಕಾಶ ಕೊಡುತ್ತವೆ. ಆ ದಂಡದ ಮಿತಿ ಸರಕಿನ ಮೌಲ್ಯದ ತನಕವೂ ಹೋಗಬಹುದು. ಹೆಚ್ಚುವರಿ ಪ್ರೋತ್ಸಾಹಕವನ್ನು ಬಡ್ಡಿಸಹಿತ ಹಿಂದಿರುಗಿಸುವುದು ಬೇರೆ. ಯಾರೂ ಬಯಸದ, ಯಾರಿಗೂ ಹೇಳಿಕೊಳ್ಳುವಂತಹ ಲಾಭ ತರದ ಒಂದು ಅಂಕಣದ ಅಲಕ್ಷ್ಯಕ್ಕೆ ಇಷ್ಟು ದೊಡ್ಡ ಹೊಣೆ ಅಂಟಿಕೊಂಡಿದೆ.

ತಪ್ಪು ವಿರುದ್ಧ ದಿಕ್ಕಿನಲ್ಲಿಯೂ ಆಗುತ್ತದೆ. 2021ರಲ್ಲಿ ಕಂಟೇನರ್ ಬಾಡಿಗೆ ಏರಿದ್ದನ್ನು, 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳ ನಂತರ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋಗತೊಡಗಿದಾಗ ಮತ್ತೆ ಏರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂತಹ ದಿನಗಳ ಹಳೆಯ ಅಂಕಿಯನ್ನೇ, ಉದಾಹರಣೆಗೆ 2,400 ಡಾಲರನ್ನು, ಬ್ರೋಕರರು ಈಗಲೂ ತುಂಬಿದರೆ ಎಫ್‌ಒಬಿ 750 ಡಾಲರಿನಷ್ಟು ಕುಸಿಯುತ್ತದೆ. ಪ್ರೋತ್ಸಾಹಕ ಕಡಿಮೆ ಬರುತ್ತದೆ. ದೇಶದೊಳಗೂ ಮಾರಾಟ ಇರುವ ಘಟಕಕ್ಕೆ ಜಿಎಸ್‌ಟಿ ಮರುಪಾವತಿಯ ಅನುಪಾತವೂ ತಗ್ಗುತ್ತದೆ. ಈ ನಷ್ಟಕ್ಕೆ ಯಾರೂ ನೋಟಿಸು ಕೊಡುವುದಿಲ್ಲ. ಆದುದರಿಂದ ಅದು ವರ್ಷಗಟ್ಟಲೆ ಗಮನಕ್ಕೇ ಬರುವುದಿಲ್ಲ.

ಫಾರ್ವರ್ಡರನ ಬಿಲ್ಲನ್ನು ಸೀಳಿ ಓದಬೇಕು

ನಾನು ಪರಿಶೀಲಿಸುವ ಕಾಗದಗಳಲ್ಲಿ ಹೆಚ್ಚಾಗಿ ಕಾಣುವ ಗೊಂದಲವೊಂದಿದೆ. ಸರಕು ಸಾಗಣೆಯ ಫಾರ್ವರ್ಡರನು ಒಂದೇ ಬಿಲ್ಲಿನಲ್ಲಿ ಹಲವು ಬಾಬುಗಳನ್ನು ಸೇರಿಸುತ್ತಾನೆ: ಇಳಕಲ್‌ನಿಂದ ಬಂದರಿನವರೆಗಿನ ಟ್ರೇಲರ್ ಬಾಡಿಗೆ, ಬಂದರಿನ ಟರ್ಮಿನಲ್ ನಿರ್ವಹಣಾ ವೆಚ್ಚ, ಸೀಲ್ ಮತ್ತು ದಾಖಲೆಗಳ ಶುಲ್ಕ, ಕೊನೆಗೆ ಸಮುದ್ರದ ಬಾಡಿಗೆ ಮತ್ತು ಅದರ ಮೇಲಿನ ಇಂಧನ ಸರ್ಚಾರ್ಜು. ಗುಮಾಸ್ತನು ಬಿಲ್ಲಿನ ಇಡೀ ಮೊತ್ತವನ್ನೇ ‘ಬಾಡಿಗೆ’ ಎಂದು ಕಳೆದುಬಿಡುತ್ತಾನೆ. ಇದು ತಪ್ಪು. ಕಂಟೇನರು ಹಡಗಿನ ಮೇಲೆ ಕೂರುವ ತನಕದ ಎಲ್ಲ ವೆಚ್ಚ ಎಫ್‌ಒಬಿಯ ಒಳಗೇ ಇರತಕ್ಕದ್ದು. ಹೊರಗೆ ಹೋಗಬೇಕಾದದ್ದು ಸಮುದ್ರದ ಬಾಡಿಗೆ ಮತ್ತು ಅದಕ್ಕೆ ಅಂಟಿದ ಸರ್ಚಾರ್ಜು ಮಾತ್ರ. ಮೇಲಿನ ಉದಾಹರಣೆಯಲ್ಲಿ ಫಾರ್ವರ್ಡರನ ಬಿಲ್ಲು 1,950 ಡಾಲರ್ ಆಗಿದ್ದು, ಅದರಲ್ಲಿ 300 ಡಾಲರ್ ನಮ್ಮ ಬಂದರಿನ ಖರ್ಚಾಗಿದ್ದರೆ, ಕಳೆಯಬೇಕಾದದ್ದು 1,650 ಮಾತ್ರವೇ.

ಷರತ್ತಿನ ಪಕ್ಕದಲ್ಲಿ ಸ್ಥಳದ ಹೆಸರು

ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಇನ್‌ಕೋಟರ್ಮ್ಸ್ 2020 ಆವೃತ್ತಿಯಲ್ಲಿ 11 ಷರತ್ತುಗಳಿವೆ. ಅವುಗಳಲ್ಲಿ ಪ್ರತಿಯೊಂದೂ ಒಂದು ಸ್ಥಳದ ಹೆಸರಿನೊಡನೆ ಸೇರಿದಾಗಲೇ ಪೂರ್ಣವಾಗುತ್ತದೆ. ಎಫ್‌ಒಬಿಯ ಪಕ್ಕದಲ್ಲಿ ಸರಕು ಹತ್ತುವ ಬಂದರು ಬರಬೇಕು. ಸಿಐಎಫ್‌ನ ಪಕ್ಕದಲ್ಲಿ ಸರಕು ತಲಪುವ ಬಂದರು ಬರಬೇಕು. ‘ಎಫ್‌ಒಬಿ ಗ್ದಾನ್ಸ್ಕ್’ ಎಂದು ಬರೆದ ಇನ್‌ವಾಯ್ಸ್ ಏನನ್ನೂ ಹೇಳುವುದಿಲ್ಲ. ಬಾಡಿಗೆ ಯಾರದು ಎಂಬ ಪ್ರಶ್ನೆಗೆ ಅದು ಎರಡು ಉತ್ತರ ಕೊಡುತ್ತದೆ. ಅಂತೆಯೇ ಮಾರಾಟಗಾರನೇ ಬಾಡಿಗೆ ಕಟ್ಟಿ, ಬಿಲ್ ಆಫ್ ಲೇಡಿಂಗ್ ಮೇಲೆ ‘ಬಾಡಿಗೆ ಮುಂಗಡ ಪಾವತಿಯಾಗಿದೆ’ ಎಂಬ ಷರಾ ಇದ್ದು, ಇನ್‌ವಾಯ್ಸ್ ಮಾತ್ರ ಎಫ್‌ಒಬಿ ಎಂದು ಹೇಳುತ್ತಿದ್ದರೆ, ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾವ ಅಧಿಕಾರಿಗೂ ಅನುಮಾನ ಬರುತ್ತದೆ. ದೋಷವನ್ನು ಪತ್ತೆಹಚ್ಚುವ ಅತಿ ಸುಲಭ ವಿಧಾನ ಇದೇ. ಸದಸ್ಯರು ತಮ್ಮ ಹಳೆಯ ಕಡತಗಳಲ್ಲಿ ಇದನ್ನು ತಾವೇ ನೋಡಿಕೊಳ್ಳಬಹುದು.

ಕಲ್ಲನ್ನು ಕಾರ್ಖಾನೆಯ ಬಾಗಿಲಲ್ಲೇ ಒಪ್ಪಿಸುವ ‘ಎಕ್ಸ್‌ವರ್ಕ್ಸ್ ಇಳಕಲ್’ ಬೆಲೆಯ ಬಗ್ಗೆ ಒಂದು ಮಾತು. ಈ ಷರತ್ತಿನಲ್ಲಿ ರಫ್ತಿನ ಕಸ್ಟಮ್ಸ್ ಕೆಲಸವೂ ಖರೀದಿದಾರನ ಹೊಣೆ. ಆದರೆ ಶಿಪ್ಪಿಂಗ್ ಬಿಲ್ ಸಲ್ಲಿಕೆಯಾಗುವುದು ನಮ್ಮ ಹೆಸರಿನಲ್ಲಿ. ಬಂದರಿನ ತನಕದ ಖರ್ಚನ್ನು ಸೇರಿಸಿ ಎಫ್‌ಒಬಿ ತೋರಿಸಿದರೆ ಬ್ಯಾಂಕಿಗೆ ಬರುವ ಹಣ ಅದಕ್ಕಿಂತ ಕಡಿಮೆ ಇರುತ್ತದೆ. ಸೇರಿಸದಿದ್ದರೆ ರಫ್ತು ಸ್ಥಳದ ಬೆಲೆ ಎಂಬ ಕಾನೂನಿನ ಮಾತಿಗೆ ಅದು ಹೊಂದುವುದಿಲ್ಲ. ಇಂತಹ ಇಕ್ಕಟ್ಟಿಗೆ ಸಿಕ್ಕಿಕೊಳ್ಳುವುದಕ್ಕಿಂತ ಬಂದರಿನ ತನಕದ ಸಾಗಣೆಯನ್ನು ನಾವೇ ವಹಿಸಿಕೊಂಡು ಆ ಬೆಲೆಯನ್ನು ಕೇಳುವುದು ಲೇಸು.

ವಿಮೆ ಒಂದು ಅಂಕಣ ಮಾತ್ರವಲ್ಲ

ಸಿಐಎಫ್ ಎಂದು ಬರೆದು ವಿಮೆಯ ಅಂಕಣದಲ್ಲಿ ಸೊನ್ನೆ ಹಾಕುವುದು, ಅಥವಾ ಪಾಲಿಸಿಯೇ ಇಲ್ಲದೆ ಒಂದು ಅಂದಾಜು ಅಂಕಿ ಹಾಕುವುದು ಇನ್ನೊಂದು ರೂಢಿ. ಕಸ್ಟಮ್ಸ್ ದೃಷ್ಟಿಯಿಂದ ಮೊತ್ತ ಸಣ್ಣದು. ಆದರೆ ವ್ಯಾಪಾರದ ದೃಷ್ಟಿಯಿಂದ ಸಿಐಎಫ್ ಎಂಬ ಮೂರಕ್ಷರ ಬರೆದವನು ವಿಮೆ ಮಾಡಿಸುವ ಹೊಣೆ ಹೊತ್ತಿದ್ದಾನೆ. ಚಪ್ಪಡಿ ಒಡೆದು ತಲಪಿದಾಗ ಪಾಲಿಸಿ ಇಲ್ಲದಿದ್ದರೆ ಖರೀದಿದಾರನು ನಷ್ಟವನ್ನು ನಮ್ಮಿಂದಲೇ ಕೇಳುತ್ತಾನೆ. ಸಿಐಎಫ್ ಷರತ್ತು ಬೇಡುವ ಕನಿಷ್ಠ ರಕ್ಷಣೆಯಾದ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸ್ ‘ಸಿ’ ಬೆಂಕಿ, ಹಡಗಿನ ಮುಳುಗಡೆ, ಡಿಕ್ಕಿ ಮುಂತಾದ ದೊಡ್ಡ ಅವಘಡಗಳಿಗೆ ಮಾತ್ರ ಅನ್ವಯಿಸುತ್ತದೆ. ಎತ್ತಿ ಇಳಿಸುವಾಗ ಒಡೆಯುವ ಚಪ್ಪಡಿಗೆ ಅದು ನೆರವಾಗದು. ಅದಕ್ಕೆ ‘ಎ’ ಕ್ಲಾಸ್ ಬೇಕು. ಅದರಲ್ಲಿಯೂ ಮರದ ಚೌಕಟ್ಟು ದುರ್ಬಲವಾಗಿದ್ದುದರಿಂದ ಆದ ನಷ್ಟ ಸೇರುವುದಿಲ್ಲ. ವಾರ್ಷಿಕ ಓಪನ್ ಪಾಲಿಸಿ ಇರುವವರು ಆ ರವಾನೆಗೆ ಅನ್ವಯಿಸುವ ದರದಿಂದ ಕಂತನ್ನು ಲೆಕ್ಕ ಹಾಕಿ, ಅದೇ ಅಂಕಿಯನ್ನು ಇನ್‌ವಾಯ್ಸ್‌ನಲ್ಲಿ ಬರೆಯಬೇಕು.

ಅಧಿಕಾರಿ ಸಂದೇಹಪಟ್ಟಾಗ

ಘೋಷಿತ ಮೌಲ್ಯವನ್ನು ಕಸ್ಟಮ್ಸ್ ಅಧಿಕಾರಿ ಸುಮ್ಮನೆ ತಳ್ಳಿಹಾಕುವಂತಿಲ್ಲ. 2007ರ ನಿಯಮಗಳ 8ನೆಯ ನಿಯಮದಂತೆ ಆತನಿಗೆ ಸಮಂಜಸ ಸಂದೇಹ ಇರಬೇಕು. ಅದೇ ಬಗೆಯ ಸರಕು ಅದೇ ಕಾಲದಲ್ಲಿ ಹೋದ ಬೆಲೆಗಿಂತ ಗಣನೀಯ ವ್ಯತ್ಯಾಸ, ಮಾರುಕಟ್ಟೆಗಿಂತ ಗಣನೀಯವಾಗಿ ಹೆಚ್ಚಿನ ಮೌಲ್ಯ, ವಿವರ, ಗುಣಮಟ್ಟ ಅಥವಾ ಪ್ರಮಾಣದ ತಪ್ಪು ಘೋಷಣೆ, ಇವು ಅಂತಹ ಕಾರಣಗಳು. ಕೇಳಿದರೆ ಆತನು ಕಾರಣಗಳನ್ನು ಲಿಖಿತವಾಗಿ ಕೊಟ್ಟು, ನಮ್ಮ ಮಾತನ್ನೂ ಆಲಿಸಬೇಕು. ಅದಾದ ಮೇಲೂ ಒಪ್ಪಿಗೆಯಾಗದಿದ್ದರೆ ಹೋಲಿಕೆ ವಿಧಾನ, ಉತ್ಪಾದನಾ ವೆಚ್ಚದ ವಿಧಾನ ಮತ್ತು ಉಳಿಕೆ ವಿಧಾನಗಳನ್ನು ಈ ಕ್ರಮದಲ್ಲಿ ಅನುಸರಿಸಬೇಕು. ಹೋಲಿಕೆ ಮಾಡುವಾಗ ರಫ್ತು ಸ್ಥಳವನ್ನು ಅವಲಂಬಿಸಿದ ಒಳನಾಡಿನ ಸಾಗಣೆ ಮತ್ತು ವಿಮೆಯ ವ್ಯತ್ಯಾಸಕ್ಕೆ ಹೊಂದಾಣಿಕೆ ಮಾಡಬೇಕೆಂದು 4ನೆಯ ನಿಯಮ ಹೇಳುತ್ತದೆ. ಬಂದರಿನಿಂದ ದೂರವಿರುವ ಬಾಗಲಕೋಟೆ ಜಿಲ್ಲೆಯ ರಫ್ತುದಾರರಿಗೆ ಈ ವಾಕ್ಯ ಬಹಳ ಉಪಯುಕ್ತ. ಬಂದರಿನ ಬಳಿಯ ಘಟಕದ ಬೆಲೆಯೊಡನೆ ನಮ್ಮ ಬೆಲೆಯನ್ನು ನೇರವಾಗಿ ತೂಗಿದಾಗ ಇದನ್ನು ಎತ್ತಿ ತೋರಿಸಬೇಕು. ಆದರೆ ಟ್ರೇಲರ್ ಬಾಡಿಗೆಯ ರಸೀದಿ ನಮ್ಮ ಕಡತದಲ್ಲಿ ಇದ್ದರೆ ಮಾತ್ರ ಆ ವಾದ ನಿಲ್ಲುತ್ತದೆ.

ಶಿಪ್ಪಿಂಗ್ ಬಿಲ್ಲಿನಲ್ಲಿ ಆದ ತಪ್ಪನ್ನು ಆಮೇಲೆ ತಿದ್ದಬಹುದಲ್ಲ ಎನ್ನುವವರು 149ನೆಯ ಕಲಮನ್ನು ಓದಬೇಕು. ಸರಕು ರಫ್ತಾದ ಮೇಲೆ ತಿದ್ದುಪಡಿಗೆ ಆಧಾರವಾಗಬಲ್ಲದ್ದು ರಫ್ತಿನ ಸಮಯದಲ್ಲಿ ಅಸ್ತಿತ್ವದಲ್ಲಿದ್ದ ದಾಖಲೆ ಮಾತ್ರ. ತಿಂಗಳ ನಂತರ ತಯಾರಿಸಿದ ವಿವರಣಾ ಪತ್ರಕ್ಕೆ ಅಲ್ಲಿ ಬೆಲೆ ಇಲ್ಲ. ಹಡಗು ಸಂಸ್ಥೆಯ ದರಪತ್ರವನ್ನು ಫೋನಿನಲ್ಲಿ ಕೇಳಿ ಬಿಡದೆ, ದಿನಾಂಕ ಸಹಿತ ಲಿಖಿತವಾಗಿ ಪಡೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್‌ವಾಯ್ಸ್‌ಗೆ ಇನ್ನೊಬ್ಬ ಓದುಗನಿದ್ದಾನೆ

ನಮ್ಮ ಇನ್‌ವಾಯ್ಸ್ ಖರೀದಿದಾರನ ದೇಶದ ಕಸ್ಟಮ್ಸ್ ಕೈಗೂ ಹೋಗುತ್ತದೆ. ಐರೋಪ್ಯ ಒಕ್ಕೂಟ ತನ್ನ ಗಡಿಯ ತನಕದ ಬಾಡಿಗೆ ಮತ್ತು ವಿಮೆಯನ್ನು ಸೇರಿಸಿ ಸುಂಕದ ಮೌಲ್ಯವನ್ನು ಕಟ್ಟುತ್ತದೆ. ಭಾರತವೂ ಆಮದಿಗೆ ಹಾಗೆಯೇ ಮಾಡುತ್ತದೆ. ಅಮೆರಿಕ ಮಾತ್ರ ಅಂತರರಾಷ್ಟ್ರೀಯ ಬಾಡಿಗೆ, ವಿಮೆಗಳನ್ನು ಹೊರಗಿಡುತ್ತದೆ; ಆದರೆ ಅವು ನಿಜವಾದ ಮೊತ್ತಗಳಾಗಿದ್ದು ಪ್ರತ್ಯೇಕವಾಗಿ ತೋರಿಸಲ್ಪಟ್ಟಿರಬೇಕು. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಈ ಭೇದದ ಬೆಲೆ ಏನೆಂಬುದು ತಿಳಿಯಿತು. ನಮ್ಮ ಉದಾಹರಣೆಯ ಕಂಟೇನರು ಅದೇ ಬಾಡಿಗೆಯಲ್ಲಿ ಅಲ್ಲಿಗೆ ಹೋಗಿದ್ದು, ಇನ್‌ವಾಯ್ಸ್‌ನಲ್ಲಿ ಒಂದೇ ಮೊತ್ತ ಇದ್ದಿದ್ದರೆ, ಖರೀದಿದಾರನು ಬಾಡಿಗೆ ಮತ್ತು ವಿಮೆಯ ಮೇಲೂ ಸುಮಾರು 839 ಡಾಲರ್ ಸುಂಕ ತೆರುವ ಸಂಭವವಿತ್ತು. ಆ ದರ ಮುಂದೆ ಏನೇ ಆಗಲಿ, ಲೆಕ್ಕದ ತತ್ತ್ವ ಬದಲಾಗುವುದಿಲ್ಲ.

ಇಳಕಲ್ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಪಾರ್ಸೆಲ್ ಮೂಲಕ ಹೊರದೇಶದ ಗ್ರಾಹಕರ ಮನೆಗೇ ಕಳಿಸುವ ಬಾದಾಮಿ, ಇಳಕಲ್ ಕಡೆಯ ವರ್ತಕರಿಗೂ ಇದು ಅನ್ವಯಿಸುತ್ತದೆ. ಅಲ್ಲಿಯ ಸುಂಕವನ್ನೂ ನಾವೇ ಕಟ್ಟಿ ಮನೆ ಬಾಗಿಲಿಗೆ ತಲಪಿಸುವ ಡಿಡಿಪಿ ಬೆಲೆಯಲ್ಲಿ ಮಾರಿದರೆ, ವಿಮಾನ ಬಾಡಿಗೆ ಮತ್ತು ವಿಮೆಯ ಜೊತೆಗೆ ಆ ವಿದೇಶಿ ಸುಂಕವನ್ನೂ ಕಳೆದ ಮೇಲೆಯೇ ಎಫ್‌ಒಬಿ ಸಿಗುತ್ತದೆ.

ಒಂದು ಆಕ್ಷೇಪ, ಒಂದು ಸಲಹೆ

ಬಾಡಿಗೆಯನ್ನು ಬಿಡಿಸಿ ತೋರಿಸಿದರೆ ಖರೀದಿದಾರನು ಕಲ್ಲಿನ ನಿಜವಾದ ಬೆಲೆಯನ್ನು ತಿಳಿದು ಚೌಕಾಸಿ ಮಾಡುತ್ತಾನೆ ಎಂಬ ಆಕ್ಷೇಪ ನಮ್ಮವರಲ್ಲಿದೆ. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಗ್ದಾನ್ಸ್ಕ್‌ಗೆ ಒಂದು ಕಂಟೇನರಿನ ಬಾಡಿಗೆ ಎಷ್ಟೆಂದು ಯಾವ ಹಡಗು ಸಂಸ್ಥೆಯನ್ನು ಕೇಳಿದರೂ ಆತನಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ. ಅಷ್ಟು ಅಲ್ಪಾಯುಷಿಯಾದ ಗುಟ್ಟನ್ನು ಕಾಪಾಡಲು ಕಸ್ಟಮ್ಸ್ ಮುಂದೆ ಅಸ್ಪಷ್ಟ ಘೋಷಣೆ ಮಾಡುವುದು ಸರಿಯಾದ ವ್ಯಾಪಾರವಲ್ಲ. ಇನ್ನು ಖರೀದಿದಾರನಿಗೊಂದು, ಕಸ್ಟಮ್ಸ್‌ಗೊಂದು ಎಂದು ಎರಡು ಇನ್‌ವಾಯ್ಸ್ ಮಾಡುವ ಯೋಚನೆಯನ್ನಂತೂ ಯಾರೂ ಮಾಡಕೂಡದು.

ಆದುದರಿಂದ ಸದಸ್ಯ ಘಟಕಗಳಲ್ಲಿ ನನ್ನ ಸಲಹೆ ಇಷ್ಟೇ. ಪ್ರತಿ ರವಾನೆಗೆ ಒಂದು ಪುಟದ ಹಾಳೆ ಇರಲಿ. ಅದರಲ್ಲಿ ಷರತ್ತು ಮತ್ತು ಬಂದರಿನ ಹೆಸರು, ದಿನಾಂಕವುಳ್ಳ ಹಡಗು ಬಾಡಿಗೆ ದರಪತ್ರ, ವಿಮಾ ಕಂತಿನ ಲೆಕ್ಕ, ಕೊನೆಗೆ ಎಫ್‌ಒಬಿ, ಇವು ಬರಲಿ. ಇಳಕಲ್‌ನಿಂದ ಬಂದರಿನ ಸಾಗಣೆ ರಸೀದಿಯನ್ನು ಅದಕ್ಕೆ ಲಗತ್ತಿಸಲಿ. ಬ್ರೋಕರರಿಗೆ ಇನ್‌ವಾಯ್ಸ್ ಜೊತೆ ಈ ಹಾಳೆಯ ಪ್ರತಿ ಹೋಗಲಿ, ಮತ್ತು ಸಲ್ಲಿಕೆಗೆ ಮುನ್ನ ಶಿಪ್ಪಿಂಗ್ ಬಿಲ್ಲಿನ ಚೆಕ್‌ಲಿಸ್ಟನ್ನು ಘಟಕದವರೇ ಇದರೊಡನೆ ತಾಳೆ ನೋಡಿ ಒಪ್ಪಿಗೆ ಕೊಡಲಿ. ನಮ್ಮ ವಾಣಿಜ್ಯ ಸಂಸ್ಥೆ ಅಂತಹ ಒಂದು ಮಾದರಿ ಹಾಳೆಯನ್ನು ಮುದ್ರಿಸಿ ಇಳಕಲ್ ಮತ್ತು ಹುನಗುಂದದ ಘಟಕಗಳಿಗೆ ಹಂಚುವುದಾದರೆ ಅದನ್ನು ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ.